80ಜಿ ದಾನಕ್ಕೆ ಎರಡು ಕಾಗದ

ಧರ್ಮಾರ್ಥ ಟ್ರಸ್ಟಿಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಿಂದ ಬಂದದ್ದು. ವಿದ್ಯಾರ್ಥಿನಿಲಯ, ಆಸ್ಪತ್ರೆ, ವೃದ್ಧಾಶ್ರಮ ನಡೆಸುವ ಬಹುಪಾಲು ಟ್ರಸ್ಟುಗಳಿಗೆ ಕೊಟ್ಟ ಮೊತ್ತದಲ್ಲಿ ಅರ್ಧದಷ್ಟನ್ನು ದಾನಿ ತನ್ನ ಆದಾಯದಿಂದ ಕಳೆದು ತೋರಿಸಬಹುದು. ಮೊದಲೆಲ್ಲ ಇದಕ್ಕೆ ಟ್ರಸ್ಟಿನವರು ಬರೆದುಕೊಟ್ಟ ರಸೀದಿಯೇ ಆಧಾರವಾಗಿತ್ತು. 2021ರ ಏಪ್ರಿಲ್ 1ರಿಂದ ಕೊಟ್ಟ ದಾನಗಳಿಗೆ ಅದು ಸಾಲದು. ಯಾರು ಎಷ್ಟು ಕೊಟ್ಟರು ಎಂಬ ವಿವರವನ್ನು ಟ್ರಸ್ಟ್ ತಾನೇ ಇಲಾಖೆಗೆ ಸಲ್ಲಿಸಬೇಕು. ಆ ಮಾಹಿತಿಯ ಆಧಾರದ ಮೇಲೆಯೇ ದಾನಿಗೆ ವಿನಾಯಿತಿ ಸಿಗುತ್ತದೆ ಎಂದು ಕಾಯ್ದೆ ಹೇಳುತ್ತದೆ.

ಹೀಗಾಗಿ ಈಗ ದಾನಿಯ ಕೈಗೆ ಎರಡು ಕಾಗದ ಬರಬೇಕು. ಹಣ ಕೊಟ್ಟಾಗ ಸಿಗುವ ರಸೀದಿ ಮೊದಲನೆಯದು. ಎರಡನೆಯದು ಫಾರಂ 10ಬಿಇ ಎಂಬ ಪ್ರಮಾಣಪತ್ರ. ಮಾರ್ಚ್ 31ಕ್ಕೆ ಮುಗಿದ ಆರ್ಥಿಕ ವರ್ಷದ ದಾನಗಳ ಪಟ್ಟಿಯನ್ನು ಟ್ರಸ್ಟ್ ಮೇ 31ರೊಳಗೆ ಫಾರಂ 10ಬಿಡಿಯಲ್ಲಿ ಸಲ್ಲಿಸಬೇಕು. ಸಲ್ಲಿಸಿದ ಮೇಲೆ ಇಲಾಖೆಯ ಪೋರ್ಟಲ್‌ನಲ್ಲಿ ಒಬ್ಬೊಬ್ಬ ದಾನಿಯ ಹೆಸರಿಗೂ 10ಬಿಇ ಸಿದ್ಧವಾಗುತ್ತದೆ. ಅದನ್ನು ಡೌನ್‌ಲೋಡ್ ಮಾಡಿ ದಾನಿಗೆ ತಲುಪಿಸುವುದು ಟ್ರಸ್ಟಿನ ಕೆಲಸ. ಮೊದಲ ಕಾಗದದಲ್ಲಿ ನುಸುಳಿದ ತಪ್ಪು ಸಾಮಾನ್ಯವಾಗಿ ಎರಡನೆಯದಕ್ಕೂ ಹೋಗುತ್ತದೆ. ಆದ್ದರಿಂದ ರಸೀದಿ ಕೇಳುವ ಹೊತ್ತಿನಲ್ಲೇ ಎಚ್ಚರ ವಹಿಸಬೇಕು.

ಹಣ ಕೊಡುವ ಮೊದಲು ವಿಚಾರಿಸಬೇಕಾದ ಮಾತೊಂದಿದೆ. ‘ನಮಗೆ ಇನ್‌ಕಂ ಟ್ಯಾಕ್ಸ್ ವಿನಾಯಿತಿ ಇದೆ’ ಎಂದು ಟ್ರಸ್ಟಿನವರು ಹೇಳಿದರೆ ಅದು ಯಾವ ವಿನಾಯಿತಿ ಎಂದು ಕೇಳಬೇಕು. 12ಎ ಅಥವಾ 12ಎಬಿ ನೋಂದಣಿ ಟ್ರಸ್ಟಿನ ಸ್ವಂತ ಆದಾಯಕ್ಕೆ ಸಂಬಂಧಿಸಿದ್ದು, ಅದರಿಂದ ದಾನಿಗೆ ಏನೂ ದಕ್ಕುವುದಿಲ್ಲ. ದಾನಿಗೆ ಬೇಕಾದದ್ದು 80ಜಿ ಅನುಮೋದನೆ. ಎಷ್ಟೋ ಟ್ರಸ್ಟುಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ, ಅಥವಾ ಎರಡನೆಯದರ ಅವಧಿ ಮುಗಿದಿರುತ್ತದೆ. ಹಿಂದೆ ಒಮ್ಮೆ ಸಿಕ್ಕ ಅನುಮೋದನೆ ಶಾಶ್ವತ ಎಂಬ ಭಾವನೆಯಿತ್ತು. 2021ರಿಂದ ಹಳೆಯ ಟ್ರಸ್ಟುಗಳೂ ಮತ್ತೆ ಅರ್ಜಿ ಹಾಕಬೇಕಾಯಿತು, ಈಗಿನ ಅನುಮೋದನೆ ಸಾಮಾನ್ಯವಾಗಿ ಐದು ವರ್ಷದ್ದು, ತಾತ್ಕಾಲಿಕವಾದರೆ ಮೂರು ವರ್ಷದ್ದು. ಆದೇಶದ ಪ್ರತಿಯಲ್ಲಿ ಅವಧಿ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿರುತ್ತದೆ. ಪ್ರತಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ, ನೆಟ್ಟಗಿರುವ ಟ್ರಸ್ಟುಗಳು ಅದನ್ನು ಕಚೇರಿಯ ಗೋಡೆಗೇ ತೂಗುಹಾಕಿರುತ್ತವೆ. ಕೇವಲ ಒಂದು ಜಾತಿಯ ಅಥವಾ ಒಂದು ಧರ್ಮದವರ ಹಿತಕ್ಕೆಂದು ಸ್ಥಾಪಿಸಿದ ಟ್ರಸ್ಟುಗಳಿಗೆ 80ಜಿ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವವಕ್ಕೆ ಈ ನಿರ್ಬಂಧವಿಲ್ಲ. ಸಮಾಜದ ಕಲ್ಯಾಣಮಂಟಪಕ್ಕೆ ಕೊಟ್ಟ ಹಣಕ್ಕೆ ಎಷ್ಟು ಚೆಂದದ ರಸೀದಿ ಬಂದರೂ ತೆರಿಗೆಯ ಲೆಕ್ಕದಲ್ಲಿ ಅದು ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ಇನ್ನು ರಸೀದಿಯ ವಿಷಯ. ಟ್ರಸ್ಟಿನ ಹೆಸರು ಮತ್ತು ವಿಳಾಸ ಹೇಗೂ ಅಚ್ಚಾಗಿರುತ್ತವೆ. ಅದರ ಜೊತೆಗೆ ಟ್ರಸ್ಟಿನ ಪ್ಯಾನ್, 80ಜಿ ಅನುಮೋದನೆಯ ಸಂಖ್ಯೆ ಮತ್ತು ದಿನಾಂಕ ಇರಬೇಕು. ದಾನಿಯ ಕಡೆಯಿಂದ ಪ್ಯಾನ್‌ನಲ್ಲಿ ಇರುವಂತೆಯೇ ಪೂರ್ಣ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಬೇಕು. ಕೊನೆಗೆ ಮೊತ್ತ, ದಿನಾಂಕ, ಹಣ ಬಂದ ಬಗೆ: ಚೆಕ್ಕಾದರೆ ಅದರ ಸಂಖ್ಯೆ, ಆನ್‌ಲೈನ್ ವರ್ಗಾವಣೆಯಾದರೆ ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆ. ‘ಶ್ರೀ ರಾಯರಿಂದ ಧನ್ಯವಾದಗಳೊಂದಿಗೆ ಸ್ವೀಕರಿಸಲಾಗಿದೆ’ ಎಂಬ ಒಂದೇ ಸಾಲಿನ ರಸೀದಿಯಿಂದ ಮೇ ತಿಂಗಳಲ್ಲಿ ಟ್ರಸ್ಟಿನ ಗುಮಾಸ್ತರು ಯಾವ ಪಟ್ಟಿಯನ್ನೂ ತುಂಬಲಾರರು.

ಹಣ ಬಂದ ಬಗೆ ಬರೆಸುವುದು ಬರಿಯ ಔಪಚಾರಿಕತೆಯಲ್ಲ. 2,000 ರೂಪಾಯಿಗಿಂತ ಹೆಚ್ಚಿನ ದಾನವನ್ನು ನಗದಾಗಿ ಕೊಟ್ಟರೆ ವಿನಾಯಿತಿಯೇ ಇಲ್ಲ. 5,000 ನಗದು ಕೊಟ್ಟವರಿಗೆ 2,000ದ ಮಟ್ಟಿಗಾದರೂ ಸಿಗುತ್ತದೆ ಎಂದುಕೊಳ್ಳುವುದು ತಪ್ಪು, ಇಡೀ 5,000 ಹೊರಗುಳಿಯುತ್ತದೆ. ಅಕ್ಕಿಮೂಟೆ, ಕಂಬಳಿ, ಕಂಪ್ಯೂಟರ್‌ನಂಥ ವಸ್ತುರೂಪದ ದಾನಕ್ಕೂ ವಿನಾಯಿತಿ ಇಲ್ಲ.

ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಹಣ ಕಳಿಸಿದ ದಿನವೇ ಒಂದು ಚಿಕ್ಕ ಪತ್ರ ಅಥವಾ ಇಮೇಲ್ ಬರೆಯುವುದು ಒಳ್ಳೆಯದು. ಫೋನಿನಲ್ಲಿ ಹೇಳಿದ ಪ್ಯಾನ್ ತಪ್ಪಾಗಿ ಕೇಳಿಸಬಹುದು; ಯುಪಿಐ ಮೂಲಕ ಬಂದ ಹಣ ಯಾರದ್ದೆಂದೇ ಟ್ರಸ್ಟಿಗೆ ಗೊತ್ತಾಗದಿರಬಹುದು. ಪತ್ರ ಈ ಬಗೆಯಲ್ಲಿದ್ದರೆ ಸಾಕು:

“ಮಾನ್ಯರೇ, ದಿನಾಂಕ 12-12-2025ರಂದು ನನ್ನ ಬ್ಯಾಂಕ್ ಖಾತೆಯಿಂದ ತಮ್ಮ ಟ್ರಸ್ಟಿನ ಖಾತೆಗೆ ರೂ. 60,000 ವರ್ಗಾಯಿಸಿರುತ್ತೇನೆ. ಯುಟಿಆರ್ ಸಂಖ್ಯೆ, ನನ್ನ ಪೂರ್ಣ ಹೆಸರು, ವಿಳಾಸ ಮತ್ತು ಪ್ಯಾನ್ ಕೆಳಗಿವೆ. ದಯವಿಟ್ಟು ಇದಕ್ಕೆ 80ಜಿ ರಸೀದಿ ಕೊಡಿ. 2025–26ನೇ ಸಾಲಿನ ಫಾರಂ 10ಬಿಡಿಯಲ್ಲಿ ಈ ದೇಣಿಗೆಯನ್ನು ಇದೇ ಪ್ಯಾನ್ ಮೇಲೆ ತೋರಿಸಿ, ಫಾರಂ 10ಬಿಇ ಪ್ರಮಾಣಪತ್ರವನ್ನು ಈ ಇಮೇಲ್‌ಗೆ ಕಳಿಸಬೇಕೆಂದು ಕೋರುತ್ತೇನೆ.”

ಇಂಥ ಪತ್ರ ಟ್ರಸ್ಟಿಗೂ ಬೇಕಾದದ್ದೇ. ಹೆಸರು, ವಿಳಾಸವಿಲ್ಲದ ದಾನ ಒಂದು ಮಿತಿಯನ್ನು ದಾಟಿದರೆ ಧರ್ಮಾರ್ಥ ಟ್ರಸ್ಟ್ ಆ ಹಣದ ಮೇಲೆ ಶೇ. 30ರ ದರದಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡಬಹುದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಹಿಳೆಯೊಬ್ಬರಿಗೆ ವರ್ಷಕ್ಕೆ 24 ಲಕ್ಷ ಸಂಬಳ ಎಂದುಕೊಳ್ಳೋಣ. ಇಲ್ಲಿ ಬಾಡಿಗೆ ಮನೆ, ಧಾರವಾಡದಲ್ಲಿ ಸಾಲ ಮಾಡಿ ಕೊಂಡ ಮನೆ. ಬಾಡಿಗೆ, ಸಾಲದ ಬಡ್ಡಿ, ಭವಿಷ್ಯನಿಧಿ, ಆರೋಗ್ಯ ವಿಮೆ ಎಲ್ಲ ಕಳೆದು ಉಳಿದ ಆದಾಯ 14 ಲಕ್ಷ. ಇಷ್ಟು ಕಡಿತಗಳಿರುವುದರಿಂದ ಅವರಿಗೆ ಹಳೆಯ ತೆರಿಗೆ ಪದ್ಧತಿಯೇ ಲಾಭ. ಧಾರವಾಡದ ವಿದ್ಯಾರ್ಥಿನಿಲಯವೊಂದರ ಟ್ರಸ್ಟಿಗೆ ಅವರು ಬ್ಯಾಂಕ್ ಮೂಲಕ 60,000 ಕಳಿಸಿದ್ದಾರೆ, ವಾರ್ಷಿಕೋತ್ಸವಕ್ಕೆ ಹೋದಾಗ 5,000 ನಗದು ಕೊಟ್ಟಿದ್ದಾರೆ. ನಗದು ಲೆಕ್ಕಕ್ಕಿಲ್ಲ. ಉಳಿದ 60,000ಕ್ಕೆ ಇನ್ನೊಂದು ಮಿತಿ ಇದೆ: ಇಂಥ ದಾನಗಳೆಲ್ಲ ಸೇರಿ, ಮೇಲೆ ಹೇಳಿದ ಉಳಿದ ಆದಾಯದ ಶೇ. 10ನ್ನು ಮೀರಿದರೆ ಮೀರಿದ ಭಾಗ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಮಿತಿ 1,40,000, ಆದ್ದರಿಂದ 60,000 ಪೂರ್ತಿ ಒಳಗೇ ಇದೆ. ಅದರ ಅರ್ಧ 30,000 ಆದಾಯದಿಂದ ಕಳೆಯುತ್ತದೆ. ಅವರ ತೆರಿಗೆ ದರ ಸೆಸ್ ಸೇರಿ ಶೇ. 31.2, ಉಳಿಯುವ ತೆರಿಗೆ 9,360 ರೂಪಾಯಿ. ಆ 5,000ವನ್ನೂ ಬ್ಯಾಂಕ್ ಮೂಲಕವೇ ಕೊಟ್ಟಿದ್ದರೆ ಇನ್ನೂ 780 ರೂಪಾಯಿ ಉಳಿಯುತ್ತಿತ್ತು.

ಜೂನ್‌ನಲ್ಲಿ 10ಬಿಇ ಬರುತ್ತದೆ. ತೆರೆದು ನೋಡಿದರೆ ಅದರಲ್ಲಿರುವುದು ಗಂಡನ ಹೆಸರು ಮತ್ತು ಪ್ಯಾನ್. ಹಿಂದಿನ ವರ್ಷಗಳಲ್ಲಿ ದಾನ ಕೊಡುತ್ತಿದ್ದವರು ಅವರು. ಟ್ರಸ್ಟಿನ ಪುಸ್ತಕದಲ್ಲಿ ಆ ಮನೆಯ ವಿಳಾಸದ ಎದುರು ಅವರ ವಿವರವೇ ಇತ್ತು. ಹಣ ಹೋದದ್ದು ಹೆಂಡತಿಯ ಖಾತೆಯಿಂದ, ವಿನಾಯಿತಿ ಕೇಳಬೇಕಾದವರೂ ಅವರೇ. ಇಲಾಖೆಯ ದಾಖಲೆಯಲ್ಲಿ ಮಾತ್ರ ದಾನಿ ಬೇರೆ. ಗಂಡ ಆ ಕಾಗದದ ಮೇಲೆ ವಿನಾಯಿತಿ ಕೇಳುವುದೂ ಸರಿಯಲ್ಲ, ಹಣ ಅವರದಲ್ಲ. ಇದಕ್ಕಿರುವ ದಾರಿ ಒಂದೇ: ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲನ್ನೂ ಡಿಸೆಂಬರಿನ ಪತ್ರವನ್ನೂ ಲಗತ್ತಿಸಿ ಟ್ರಸ್ಟಿಗೆ ಬರೆದು, 10ಬಿಡಿಯನ್ನು ಪರಿಷ್ಕರಿಸಿ ಹೊಸ 10ಬಿಇ ಕೊಡುವಂತೆ ಕೇಳುವುದು. ಪೋರ್ಟಲ್‌ನಲ್ಲಿ ಪರಿಷ್ಕರಣೆಗೆ ಅವಕಾಶವಿದೆ. ರಸೀದಿಯ ಮೇಲೆ ಪೆನ್ನಿನಲ್ಲಿ ಹೆಸರು ತಿದ್ದಿ ಸೀಲು ಹಾಕಿಕೊಟ್ಟರೆ ಪ್ರಯೋಜನವಿಲ್ಲ. ಇಲಾಖೆ ನೋಡುವುದು ತನ್ನ ಬಳಿ ಇರುವ ಪಟ್ಟಿಯನ್ನು.

10ಬಿಇ ಬಂದ ಕೂಡಲೇ ನೋಡಬೇಕಾದವು ದಾನಿಯ ಹೆಸರು ಮತ್ತು ಪ್ಯಾನ್, ಮೊತ್ತ, ಆರ್ಥಿಕ ವರ್ಷ, ಮತ್ತು ಮೇಲ್ಗಡೆ ಇರುವ ಸ್ವೀಕೃತಿ ಸಂಖ್ಯೆ. ಎಆರ್‌ಎನ್ ಎಂದು ಆಡಿಟರ್‌ಗಳು ಹೇಳುವ ಈ ಸಂಖ್ಯೆಯನ್ನು ರಿಟರ್ನಿನ 80ಜಿ ಪಟ್ಟಿಯಲ್ಲಿ, ಟ್ರಸ್ಟಿನ ಹೆಸರು, ವಿಳಾಸ, ಪ್ಯಾನ್ ಜೊತೆ ತುಂಬಬೇಕಾಗುತ್ತದೆ. ಆರ್ಥಿಕ ವರ್ಷ ತಪ್ಪುವುದು ಮಾರ್ಚ್ ಕೊನೆಯ ಚೆಕ್ಕುಗಳಲ್ಲಿ. ಮಾರ್ಚ್ 30ಕ್ಕೆ ಕೊಟ್ಟ ಚೆಕ್ಕನ್ನು ಟ್ರಸ್ಟ್ ಏಪ್ರಿಲ್‌ನಲ್ಲಿ ಪುಸ್ತಕಕ್ಕೆ ಹತ್ತಿಸಿದರೆ ಅದು ಮುಂದಿನ ವರ್ಷದ ಪಟ್ಟಿಗೆ ಸೇರಿಹೋಗುತ್ತದೆ. ಅಪಾರ್ಟ್‌ಮೆಂಟಿನ ನಿವಾಸಿಗಳು ಅಥವಾ ಕಚೇರಿಯ ಸಹೋದ್ಯೋಗಿಗಳು ಕೂಡಿಸಿದ ಹಣವನ್ನು ಒಬ್ಬರ ಖಾತೆಯಿಂದ ಕಳಿಸಿದಾಗಲೂ ತೊಡಕಿದೆ: ಪ್ರಮಾಣಪತ್ರ ಆ ಒಬ್ಬರ ಹೆಸರಿಗೇ ಬರುತ್ತದೆ. ವಿನಾಯಿತಿ ಬೇಕಾದವರು ತಮ್ಮ ಪಾಲನ್ನು ನೇರವಾಗಿ ಟ್ರಸ್ಟಿಗೆ ಕಳಿಸುವುದೇ ಸರಿ.

ಜೂನ್ ಕಳೆಯುತ್ತಾ ಬಂದರೂ 10ಬಿಇ ಬಾರದಿದ್ದರೆ ಟ್ರಸ್ಟಿಗೆ ಮತ್ತೆ ಬರೆದು, 10ಬಿಡಿ ಸಲ್ಲಿಸಲಾಗಿದೆಯೇ ಎಂದು ನೇರವಾಗಿ ಕೇಳಬೇಕು. ಸಲ್ಲಿಸುವುದು ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುವುದು ಟ್ರಸ್ಟಿನ ಮೇಲೆ, ಸಲ್ಲಿಸದಿದ್ದರೆ 10,000ದಿಂದ ಒಂದು ಲಕ್ಷದವರೆಗೆ ದಂಡವೂ ಉಂಟು. ಸಣ್ಣ ಟ್ರಸ್ಟುಗಳು ಬೇಕೆಂದೇ ತಪ್ಪಿಸುವುದಕ್ಕಿಂತ ಆಡಿಟರ್ ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುವುದೇ ಹೆಚ್ಚು, ಹಾಗಾಗಿ ಒಂದು ನೆನಪೋಲೆಗೆ ಕೆಲಸ ಆಗಿಬಿಡುವುದುಂಟು. ಸಂಬಳದಾರರಿಗೆ ರಿಟರ್ನಿನ ಗಡುವು ಸಾಮಾನ್ಯವಾಗಿ ಜುಲೈ 31. 10ಬಿಇಗೆ ಕಾಯುತ್ತಾ ಆ ದಿನ ದಾಟಿಸುವುದು ಅಪಾಯ. 80ಜಿ ಇರುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯೇ ಈಗ ತಾನಾಗಿ ಅನ್ವಯವಾಗುತ್ತದೆ, ಹಳೆಯದು ಬೇಕೆಂದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲೇ ತೆರಿಗೆ ಕಟ್ಟುವವರಿಗೆ ಈ ಎರಡು ಕಾಗದಗಳಿಂದ ಒಂದು ಪೈಸೆಯೂ ಉಳಿಯುವುದಿಲ್ಲ.

ಇಲ್ಲಿ ಹೇಳಿದ ಕಲಮು ಮತ್ತು ಫಾರಂ ಸಂಖ್ಯೆಗಳು 2026ರ ಮಾರ್ಚ್ 31ರವರೆಗೆ ಕೊಟ್ಟ ದಾನಗಳಿಗೆ ಸಲ್ಲುತ್ತವೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜಿಯ ವಿಷಯ 133ನೇ ಕಲಮಿನಲ್ಲಿದೆ.