ಸ್ಕೂಪ್ ನಿಲ್ಲುವ ನೀರು

ಮಂಗಳೂರಿನವರಿಗೆ ಐಸ್‌ಕ್ರೀಂ ಎಂದರೆ ಕುರ್ಚಿ ಎಳೆದು ಕೂತು, ಉದ್ದ ಚಮಚ ಹಿಡಿದು, ಗ್ಲಾಸಿನ ತಳದವರೆಗೂ ತಿನ್ನುವಂಥದ್ದು. 1975ರಲ್ಲಿ ಎಸ್. ಪ್ರಭಾಕರ ಕಾಮತರು ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಪಾರ್ಲರ್ ತೆರೆದರು. ಗಡ್‌ಬಡ್ ಮೊದಲು ಹುಟ್ಟಿದ್ದು ಇಲ್ಲೋ ಉಡುಪಿಯಲ್ಲೋ ಎಂಬ ತಕರಾರು ಇನ್ನೂ ಮುಗಿದಿಲ್ಲ, ಮುಗಿಯದಿದ್ದರೇ ಚೆಂದ. ಕರಾವಳಿಯ ಸಣ್ಣ ಊರುಗಳಲ್ಲಿ ಇವತ್ತು ಕಾಣುವ ಹತ್ತು ಕುರ್ಚಿಯ ಪಾರ್ಲರುಗಳೆಲ್ಲ ಇದೇ ಪರಂಪರೆಯವು. ಇಂಥ ಅಂಗಡಿಗೆ ನಷ್ಟ ಎಲ್ಲಿಂದ ಬರುತ್ತದೆ ಎಂದರೆ ಕರೆಂಟ್ ಬಿಲ್ಲು, ಕರಗಿ ಹೋದ ಮಾಲು ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ನಿಜ. ಗಿರಾಕಿಯ ಹೊಟ್ಟೆಗೆ ಆಗುವ ಅಪಾಯ, ಮಾಲೀಕನ ಗಲ್ಲಾಪೆಟ್ಟಿಗೆಗೆ ಆಗುವ ಸೋರಿಕೆ, ಫ್ರೀಜರಿನ ತಣ್ಣಗಿನ ಲೆಕ್ಕ ಇವು ಮೂರೂ ಒಂದೇ ಜಾಗದಲ್ಲಿ ಕೂಡುತ್ತವೆ. ಅದು ಸ್ಕೂಪ್, ಮತ್ತು ಗಿರಾಕಿ ಇಲ್ಲದಾಗ ಆ ಸ್ಕೂಪ್ ನಿಂತಿರುವ ನೀರು.

ಸ್ಕೂಪಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅದನ್ನು ಕಂಡುಹಿಡಿದವನ ಹೆಸರು ಐಸ್‌ಕ್ರೀಂ ಮಾರುವವರಿಗೂ ಅಷ್ಟಾಗಿ ಗೊತ್ತಿಲ್ಲ. ಆಲ್ಫ್ರೆಡ್ ಕ್ರಾಲ್ ಹುಟ್ಟಿದ್ದು 1866ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ, ಗುಲಾಮಗಿರಿ ಕಾನೂನಿನಿಂದ ಅಳಿದ ಮರುವರ್ಷ. ಈ ಕಪ್ಪು ಯುವಕ ಪಿಟ್ಸ್‌ಬರ್ಗಿಗೆ ಬಂದು ಔಷಧದಂಗಡಿಯಲ್ಲೂ ಹೋಟೆಲಿನಲ್ಲೂ ಪೋರ್ಟರ್ ಆಗಿ ದುಡಿಯುತ್ತಿದ್ದ. ಬಡಿಸುವವರು ಐಸ್‌ಕ್ರೀಮನ್ನು ಒಂದು ಚಮಚದಿಂದ ಎತ್ತಿ, ಅಂಟಿಕೊಂಡದ್ದನ್ನು ಇನ್ನೊಂದರಿಂದ ಕೆರೆದು ಹಾಕುತ್ತಿದ್ದರು. ಒಂದು ಬಟ್ಟಲಿಗೆ ಎರಡು ಕೈಯೂ ಬೇಕು. ಕ್ರಾಲ್ ಅಚ್ಚಿನೊಳಗೆ ಕೆರೆಯುವ ಒಂದು ಪಟ್ಟಿ ಇಟ್ಟು, ಹಿಡಿಯನ್ನು ಅದುಮಿದರೆ ಪಟ್ಟಿ ತಿರುಗಿ ಐಸ್‌ಕ್ರೀಂ ತಾನೇ ಬಿಡಿಸಿಕೊಳ್ಳುವಂತೆ ಮಾಡಿದ. 1897ರ ಫೆಬ್ರವರಿ 2ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಕಟಕಟ ಸದ್ದು ಮಾಡುವ ಇಂದಿನ ಸ್ಟೀಲ್ ಸ್ಕೂಪಿನ ಒಳಗಿರುವ ಯುಕ್ತಿ ಅದೇ. ಅದರಿಂದ ಅವನಿಗೆ ಹೇಳಿಕೊಳ್ಳುವಂಥ ಹಣವೇನೂ ಬರಲಿಲ್ಲ. 1920ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡ.

ಕ್ರಾಲ್ ಒಂದು ಕೈಯನ್ನು ಬಿಡುವು ಮಾಡಿಕೊಟ್ಟ, ನಿಜ. ಆದರೆ ಅವನ ಉಪಕರಣಕ್ಕೆ ಕೀಲು, ಹಲ್ಲು, ಸ್ಪ್ರಿಂಗು ಇವೆ. ಪಟ್ಟಿಯ ಹಿಂದೆ, ಹಲ್ಲುಗಳ ಸಂದಿಯಲ್ಲಿ ಹಾಲಿನ ಜಿಡ್ಡು ಕೂರುತ್ತದೆ, ಮೇಲಿನಿಂದ ತೊಳೆದರೆ ಹೋಗುವುದಿಲ್ಲ. 1930ರ ದಶಕದಲ್ಲಿ ಒಹಾಯೋದ ಶೆರ್ಮನ್ ಕೆಲ್ಲಿ ಎಂಬವನು ಕೀಲೇ ಇಲ್ಲದ ಅಲ್ಯೂಮಿನಿಯಂ ಸ್ಕೂಪ್ ತಂದ. ಅದರ ಟೊಳ್ಳು ಹಿಡಿಯೊಳಗೆ ಹೆಪ್ಪುಗಟ್ಟದ ದ್ರವವಿದೆ. ಅಂಗೈಯ ಶಾಖ ಆ ದ್ರವದ ಮೂಲಕ ಬಟ್ಟಲಿಗೆ ಹರಿದು, ತಾಗಿದ ಕಡೆ ಮಾತ್ರ ಐಸ್‌ಕ್ರೀಂ ಕೂದಲೆಳೆಯಷ್ಟು ಸಡಿಲವಾಗಿ ಉಂಡೆ ಜಾರಿಬರುತ್ತದೆ. ತೊಳೆಯಲು ಸುಲಭ, ನೀರಿನಲ್ಲಿ ಅದ್ದುವ ಅಗತ್ಯವೂ ಕಡಿಮೆ. ಕುದಿನೀರು, ಖಾರದ ಸೋಪು ಎರಡೂ ಅದಕ್ಕೆ ಆಗದು ಎನ್ನುವುದೊಂದೇ ಷರತ್ತು. ಸಣ್ಣ ಅಂಗಡಿಗೆ ಯಾವುದು ಒಳ್ಳೆಯದು ಎಂದರೆ ನನ್ನ ಮತ ಕೆಲ್ಲಿಯ ಕಡೆಗೇ, ಕ್ರಾಲ್ ಬಗ್ಗೆ ಎಷ್ಟೇ ಪ್ರೀತಿಯಿದ್ದರೂ.

ಇನ್ನು ಆ ನೀರು. ಕೌಂಟರಿನ ಮೂಲೆಯಲ್ಲಿ ಒಂದು ಮಗ್ಗು, ಅದರಲ್ಲಿ ಬೆಳಿಗ್ಗೆ ತುಂಬಿದ ನೀರು, ಅದರೊಳಗೆ ಎರಡು ಸ್ಕೂಪು. ಮಧ್ಯಾಹ್ನದ ಹೊತ್ತಿಗೆ ಆ ನೀರು ಬಿಳಿಚಿಕೊಂಡಿರುತ್ತದೆ. ಅದರಲ್ಲಿ ಹಾಲು, ಸಕ್ಕರೆ ಇವೆ, ಕರಾವಳಿಯ ಸೆಖೆ ಹೊರಗಿದೆ. ಬ್ಯಾಕ್ಟೀರಿಯಾ ಬೆಳೆಯಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಪ್ರತಿ ಬಾರಿ ಅದ್ದಿದ ಸ್ಕೂಪು ಆ ನೀರನ್ನು ಒಂದೊಂದು ಡಬ್ಬಕ್ಕೂ ಹಂಚುತ್ತದೆ. ಫ್ರೀಜರಿನಲ್ಲಿ ಎಲ್ಲ ಸಾಯುತ್ತವಲ್ಲ ಎಂಬುದು ಇಲ್ಲಿ ಸಾಮಾನ್ಯವಾಗಿ ಬರುವ ಆಕ್ಷೇಪ. ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ ಅಷ್ಟೆ. 2010ರಿಂದ 2015ರ ನಡುವೆ ಅಮೆರಿಕದಲ್ಲಿ ಕಾರ್ಖಾನೆಯಲ್ಲೇ ಲಿಸ್ಟೀರಿಯಾ ಸೇರಿದ್ದ ಐಸ್‌ಕ್ರೀಂ ತಿಂದು ಹತ್ತು ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಕಾರ್ಖಾನೆಯ ದೋಷಕ್ಕೂ ಮಗ್ಗಿನ ನೀರಿಗೂ ನೇರ ಸಂಬಂಧವಿಲ್ಲ, ಆದರೆ ಹೆಪ್ಪುಗಟ್ಟಿಸಿದರೆ ಶುದ್ಧವಾಯಿತು ಎಂಬ ನಂಬಿಕೆಗೆ ಅಷ್ಟು ಉತ್ತರ ಸಾಕು. ಅಮೆರಿಕದ ಆಹಾರ ಸಂಹಿತೆ ಸ್ಕೂಪ್ ಇಡಲು ಒಪ್ಪುವ ದಾರಿಗಳಲ್ಲಿ ಮುಖ್ಯವಾದವು ಮೂರು: ಹಾಲಿನ ಕಣಗಳನ್ನು ಕೊಚ್ಚಿಕೊಂಡು ಹೋಗುವಷ್ಟು ವೇಗದಲ್ಲಿ ಹರಿಯುವ ನೀರು, 57 ಡಿಗ್ರಿಗಿಂತ ಕಡಿಮೆಯಾಗದ ಬಿಸಿನೀರು, ಇಲ್ಲವೇ ಆಗಾಗ ತೊಳೆಯುತ್ತಿರುವ ಒಣ ಸ್ವಚ್ಛ ಜಾಗ. ನಿಂತ ತಣ್ಣೀರಿಗೆ ಅಲ್ಲಿ ಸ್ಥಾನವಿಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ, ಐಸ್‌ಕ್ರೀಂ ವ್ಯಾಪಾರ ಏರಿರುವಾಗಲೇ, ತುಂಬೆ ಅಣೆಕಟ್ಟಿನ ನೀರು ತಳ ಕಂಡು ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡುವ ಪರಿಸ್ಥಿತಿ ಬಂದದ್ದುಂಟು. ಆಗ ದಿನವಿಡೀ ನಲ್ಲಿ ಹರಿಯಬಿಡಿ ಎಂದು ಯಾರಿಗೆ ಹೇಳುವುದು? ಈ ಆಕ್ಷೇಪ ನ್ಯಾಯವಾದದ್ದೇ, ಆದ್ದರಿಂದ ಸಣ್ಣ ಅಂಗಡಿಗೆ ಒಣ ದಾರಿಯೇ ಸರಿ. ಎಂಟು-ಹತ್ತು ಸ್ಕೂಪು ಇಟ್ಟುಕೊಳ್ಳುವುದು, ಗೋಡಂಬಿ-ಬಾದಾಮಿ ಇರುವ ಐಸ್‌ಕ್ರೀಮಿಗೆ ಪ್ರತ್ಯೇಕ ಸ್ಕೂಪು ಇಡುವುದು (ಅವು ಆಗದವರಿಗೆ ಒಂದು ಚೂರು ತಾಗಿದರೂ ಸಾಕು), ಬಳಸಿದ್ದನ್ನು ಬುಟ್ಟಿಗೆ ಹಾಕಿ ತೊಳೆದದ್ದನ್ನು ಎತ್ತಿಕೊಳ್ಳುವುದು. ಗಂಟೆಗೊಮ್ಮೆ ಒಟ್ಟಿಗೆ ಸೋಪಿನಲ್ಲಿ ತೊಳೆದು, ನೀರಿನಲ್ಲಿ ಅಲುಬಿ, ಕ್ಲೋರಿನ್ ನೀರಿನಲ್ಲಿ ಒಂದು ನಿಮಿಷ ಬಿಟ್ಟು, ಒರೆಸದೆ ಬೋರಲು ಹಾಕಿ ಒಣಗಿಸಬೇಕು. ಶೇ 5ರ ಹೈಪೋಕ್ಲೋರೈಟ್ ದ್ರಾವಣವಾದರೆ ಹತ್ತು ಲೀಟರ್ ನೀರಿಗೆ 20 ಮಿಲಿಲೀಟರ್ ಸಾಕು. ಒರೆಸುವ ಬಟ್ಟೆ ಮಗ್ಗಿನ ನೀರಿಗಿಂತ ಕೊಳಕಾಗಿರುತ್ತದೆ, ಆದ್ದರಿಂದ ಅದು ಕೌಂಟರಿನ ಮೇಲೆ ಇಲ್ಲದಿದ್ದರೇ ಕ್ಷೇಮ.

ಕೌಂಟರಿನ ಹುಡುಗ ಮತ್ತೆ ಮತ್ತೆ ಸ್ಕೂಪನ್ನು ನೀರಿಗೆ ಅದ್ದುವುದಾದರೂ ಯಾಕೆ? ಐಸ್‌ಕ್ರೀಂ ಕಲ್ಲಿನಂತಿರುವುದರಿಂದ. ದಾಸ್ತಾನಿಗೆ ಬೇಕಾದ ತಂಪೇ ಬೇರೆ, ಬಡಿಸಲು ಬೇಕಾದ ತಂಪೇ ಬೇರೆ. ದಾಸ್ತಾನು ಮೈನಸ್ 18 ಡಿಗ್ರಿಯಲ್ಲೋ ಅದಕ್ಕಿಂತ ಕೆಳಗೋ ಇರಬೇಕು, ಬಡಿಸುವ ಪೆಟ್ಟಿಗೆ ಮೈನಸ್ 12ರಿಂದ 15ರ ನಡುವೆ. ಮೈನಸ್ 16 ಡಿಗ್ರಿಯಲ್ಲೂ ಐಸ್‌ಕ್ರೀಮಿನ ನೀರಿನಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಮಂಜುಗಡ್ಡೆ. ಉಳಿದದ್ದು ಸಕ್ಕರೆಯ ಗಟ್ಟಿ ಪಾಕವಾಗಿ ಹರಳುಗಳ ನಡುವೆ ಇರುತ್ತದೆ. ಮೂರು ಡಿಗ್ರಿ ಏರಿದರೆ ಸಣ್ಣ ಹರಳು ಕರಗುತ್ತದೆ. ಮತ್ತೆ ಇಳಿದಾಗ ಆ ನೀರು ಹೊಸ ಹರಳು ಕಟ್ಟದೆ ಇದ್ದ ದೊಡ್ಡದಕ್ಕೇ ಅಂಟಿಕೊಳ್ಳುತ್ತದೆ. ಹೀಗೆ ಏರಿಳಿತವಾದಷ್ಟೂ ಹರಳು ದಪ್ಪವಾಗಿ, ನಾಲಿಗೆಗೆ ಮರಳು ಮರಳಾಗಿ ತಾಗುತ್ತದೆ. ಒಂದೇ ಫ್ರೀಜರಿನಲ್ಲಿ ಎರಡೂ ಕೆಲಸ ನಡೆಸುವ ಅಂಗಡಿಯಲ್ಲಿ ಈ ಏರಿಳಿತ ದಿನಕ್ಕೆ ಹಲವು ಬಾರಿ ಆಗುತ್ತದೆ. ನಾಳೆಯ ಡಬ್ಬವನ್ನು ಹಿಂದಿನ ರಾತ್ರಿಯೇ ದಾಸ್ತಾನಿನಿಂದ ಬಡಿಸುವ ಪೆಟ್ಟಿಗೆಗೆ ಇಟ್ಟರೆ ಬೆಳಿಗ್ಗೆ ಹದಕ್ಕೆ ಬಂದಿರುತ್ತದೆ. ಫ್ರೀಜರಿನ ಗುಂಡಿಯ ಮೇಲಿನ 1, 2, 3 ಡಿಗ್ರಿಯಲ್ಲ. ಡಬ್ಬಗಳ ನಡುವೆ ಇಟ್ಟ ಥರ್ಮಾಮೀಟರನ್ನೇ ನಂಬಬೇಕು.

ಈಗ ನಷ್ಟದ ಲೆಕ್ಕಕ್ಕೆ ಬರೋಣ. ನಮ್ಮ ಕಾನೂನಿನ ಪ್ರಕಾರ ಐಸ್‌ಕ್ರೀಂ ಲೀಟರಿಗೆ 525 ಗ್ರಾಮಿಗಿಂತ ಕಡಿಮೆ ತೂಗುವಂತಿಲ್ಲ. ಉಳಿದ ಜಾಗವೆಲ್ಲ ಬೀಸಿ ತುಂಬಿದ ಗಾಳಿ. ನಾಲ್ಕು ಲೀಟರಿನ ಒಂದು ಡಬ್ಬ 2.4 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಉಂಡೆ 60 ಗ್ರಾಮಾದರೆ 40 ಉಂಡೆ. ಐಸ್‌ಕ್ರೀಂ ಕಲ್ಲಾಗಿದ್ದರೆ ಹುಡುಗ ಭುಜದ ಬಲ ಹಾಕಿ ಒತ್ತುತ್ತಾನೆ, ಗಾಳಿ ಹೊರಬಿದ್ದು ಅದೇ ಗಾತ್ರದ ಉಂಡೆಯಲ್ಲಿ 70 ಗ್ರಾಂ ಕೂರುತ್ತದೆ. ಆಗ ಸಿಗುವುದು 34. ಸ್ಕೂಪಿಗೆ 50 ರೂಪಾಯಿಯಾದರೆ ಒಂದು ಡಬ್ಬಕ್ಕೆ 300 ರೂಪಾಯಿ ಹೋಯಿತು. ಡಬ್ಬದ ಗೋಡೆಗೆ ಅಂಟಿ ಕರಗಿ ಹೋದದ್ದು 100 ಗ್ರಾಂ ಎಂದುಕೊಂಡರೂ ಎರಡು ಉಂಡೆಯಷ್ಟೂ ಆಗದು. ಮಾಲೀಕ ಕಣ್ಣಿಗೆ ಕಾಣುವ ಆ ನೂರು ಗ್ರಾಮಿಗೆ ರೇಗುತ್ತಾನೆ. ಕಾಣದ ಆರು ಉಂಡೆ ಗಿರಾಕಿಯ ಜೊತೆ ನಡೆದುಹೋಗುತ್ತವೆ. ಗಿರಾಕಿಗೆ ಹೆಚ್ಚು ಸಿಕ್ಕಿತಲ್ಲ, ಒಳ್ಳೆಯದೇ ಅಲ್ಲವೇ ಎನ್ನಬಹುದು. ಸಿಕ್ಕಿದ್ದು ಗಾಳಿ ಕಳೆದುಕೊಂಡ, ಒದ್ದೆ ಸ್ಕೂಪಿನ ನೀರು ಮೇಲೆ ಹೆಪ್ಪುಗಟ್ಟಿದ ಬಿಗಿ ಉಂಡೆ. ಅದನ್ನು ಉದಾರತೆ ಎನ್ನಲಾಗದು. ಕೌಂಟರಿನ ಕೆಳಗೊಂದು ತಕ್ಕಡಿ ಇಟ್ಟು, ಆಗೊಂದು ಈಗೊಂದು ಉಂಡೆ ತೂಗಿದರೆ ಫ್ರೀಜರ್ ಹದ ತಪ್ಪಿದ್ದೂ ತಿಳಿಯುತ್ತದೆ.

ಪೂರ್ತಿ ಕರಗಿದ್ದರ ವಿಷಯದಲ್ಲಿ ಚರ್ಚೆಗೆ ಜಾಗ ಕಡಿಮೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಗಂಟೆಗಟ್ಟಲೆ ಹೋದಾಗ ಮುಚ್ಚಳ ತೆರೆಯದಿರುವುದೇ ಮೊದಲ ಔಷಧ; ತುಂಬಿದ ಫ್ರೀಜರ್ ಖಾಲಿಯದಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ. ಕರೆಂಟ್ ಬಂದ ಮೇಲೆ ಡಬ್ಬವನ್ನು ನೋಡಬೇಕು: ಐಸ್‌ಕ್ರೀಂ ಗೋಡೆ ಬಿಟ್ಟು ಕುಗ್ಗಿದೆಯೇ, ಮುಚ್ಚಳದ ಒಳಗೆ ಹರಳು ಕಟ್ಟಿದೆಯೇ, ತಳದಲ್ಲಿ ಪಾಕ ಬೇರೆಯಾಗಿ ನಿಂತಿದೆಯೇ. ತಳದಲ್ಲಿ ಪಾಕ ಕಂಡರೆ ಅದು ಒಮ್ಮೆ ನೀರಾಗಿತ್ತೆಂದೇ ಅರ್ಥ, ಅದನ್ನು ಮತ್ತೆ ಗಟ್ಟಿ ಮಾಡಿ ಮಾರಬಾರದು. ಮಿಲ್ಕ್‌ಶೇಕಿಗೆ ಹಾಕಿದರಾಯಿತು ಎಂಬ ಜಾಣತನ ಎಲ್ಲ ಕಡೆ ಇದೆ. ಹದ ಕೆಟ್ಟದ್ದು ಮಿಕ್ಸರಿನಲ್ಲಿ ಮುಚ್ಚಿಹೋಗುತ್ತದೆ, ನಿಜ. ಆದರೆ ಬೆಚ್ಚಗಾಗಿದ್ದ ಹೊತ್ತಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಮಿಕ್ಸರಿನಲ್ಲಿ ಸಾಯುವುದಿಲ್ಲ.

ಇದೆಲ್ಲ ಸೇರಿದರೆ ಸಣ್ಣ ಪಾರ್ಲರಿಗೆ ಬೇಕಾಗುವುದು ಎರಡನೆಯ ಫ್ರೀಜರು, ಹತ್ತು ಸ್ಕೂಪು, ಒಂದು ತಕ್ಕಡಿ, ಮತ್ತು ಕೈಯ ಹದ ಕಲಿತ ಒಬ್ಬ ಹುಡುಗ. ಹೆಚ್ಚು ದುಬಾರಿ ಕೊನೆಯದು. ಎರಡು ಬೇಸಿಗೆ ಕಲಿತವನು ಮೂರನೆಯ ಬೇಸಿಗೆಗೆ ದುಬೈಗೋ ಬೆಂಗಳೂರಿಗೋ ಹೊರಟಿರುತ್ತಾನೆ. ಇನ್ನೊಂದು ಕಡೆ ಕಂಪನಿ ತನ್ನ ಫ್ರೀಜರನ್ನು ತಾನೇ ತಂದಿಟ್ಟು, ಕಾರ್ಖಾನೆಯಲ್ಲೇ ಮೊಹರು ಮಾಡಿದ ಕಪ್ಪು-ಕೋನು-ಕ್ಯಾಂಡಿ ತುಂಬಿಕೊಡುತ್ತದೆ. ಅಲ್ಲಿ ಸ್ಕೂಪಿಲ್ಲ, ಮಗ್ಗಿಲ್ಲ, ತೂಕದ ತಕರಾರಿಲ್ಲ. ಶುಚಿತ್ವದ ದೃಷ್ಟಿಯಿಂದ ಅದನ್ನು ತಪ್ಪೆನ್ನಲು ನನ್ನಲ್ಲಿ ವಾದವಿಲ್ಲ. ಆದರೆ ಮೊಹರು ಮಾಡಿದ ಕಪ್ಪಿನಲ್ಲಿ ಗಡ್‌ಬಡ್ ಆಗುವುದಿಲ್ಲ. ಮೂರು ಬಗೆಯ ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಗೋಡಂಬಿ ಒಂದರ ಮೇಲೊಂದು ಬೀಳಬೇಕಾದರೆ ಸ್ಕೂಪು ಹಿಡಿಯಲು ಯಾರಾದರೂ ಇರಬೇಕು. ಘಟ್ಟದ ಕೆಳಗಿನ ಸಣ್ಣ ಪೇಟೆಗಳಲ್ಲಿ ಅಂಥವರಿಗೆ ಸಂಬಳ ಹುಟ್ಟುವುದು ಡಬ್ಬಕ್ಕೆ ನಲವತ್ತು ಉಂಡೆ ಬಂದಾಗ. ಮೂವತ್ತನಾಲ್ಕು ಬರುವ ಅಂಗಡಿಗಳು ಒಂದೊಂದಾಗಿ ಮೇಜು-ಕುರ್ಚಿ ತೆಗೆದು ಕಂಪನಿಯ ಫ್ರೀಜರಿಗೆ ಜಾಗ ಮಾಡಿಕೊಡುತ್ತಿವೆ.