ಎರಡು ಲಕೋಟೆಗಳ ಲೆಕ್ಕ

ನಮ್ಮ ಗೋಪಾಳದಲ್ಲಿ ಒಂದು ಜವಳಿ ಅಂಗಡಿಯಿದೆಯೆಂದೂ, ಭದ್ರಾವತಿಯಲ್ಲಿ ಅದರ ಶಾಖೆಯೊಂದಿದೆಯೆಂದೂ ಭಾವಿಸೋಣ. ಗೂಗಲ್, ಇನ್‌ಸ್ಟಾಗ್ರಾಮುಗಳಲ್ಲಿ ಜಾಹೀರಾತು ನಡೆಸಲು ಅದರ ಮಾಲೀಕರು ಒಂದು ಏಜೆನ್ಸಿಯನ್ನು ಗೊತ್ತುಮಾಡಬೇಕಾಗಿದೆ. ಅದಕ್ಕಾಗಿ ಅವರು ಬರೆದು ಕಳುಹಿಸುವ ಪತ್ರವೇ ಪ್ರಸ್ತಾವನೆಗಳ ಆಹ್ವಾನ. ವ್ಯಾಪಾರಿಗಳು ಇದನ್ನು ಆರ್.ಎಫ್.ಪಿ. ಎನ್ನುತ್ತಾರೆ.

ಮೊದಲು ಕೇಳಬೇಕಾದುದು ದರದ ರೀತಿ. ಜಾಹೀರಾತಿನ ಖರ್ಚಿನ ಮೇಲೆ ನೂರಕ್ಕೆ 15ರಂತೆ ಕೂಲಿ ಎಂದರೆ, 2 ಲಕ್ಷ ರೂಪಾಯಿ ಖರ್ಚಿಗೆ ಏಜೆನ್ಸಿಗೆ 30,000 ದೊರೆಯುತ್ತದೆ. ಖರ್ಚು 4 ಲಕ್ಷವಾದರೆ, ಒಂದು ಸೀರೆ ಹೆಚ್ಚಿಗೆ ಮಾರಾಟವಾಗದಿದ್ದರೂ, 60,000. ಆದುದರಿಂದ ಜಾಹೀರಾತಿನ ಹಣವನ್ನು ಬೇರೆಯಾಗಿಟ್ಟು, ತಿಂಗಳ ನಿಗದಿ ಕೂಲಿಯನ್ನು ಮಾತ್ರ ಕೇಳುವುದು ಲೇಸು. ಎಲ್ಲರೂ ಒಂದೇ ರೀತಿಯಲ್ಲಿ ದರ ಬರೆದರೆ ಮಾತ್ರ ಹೋಲಿಕೆ ಸಾಧ್ಯ.

ಇನ್ನು ಆಯ್ಕೆಯ ವಿಷಯ. ಸರ್ಕಾರಿ ಟೆಂಡರುಗಳಲ್ಲಿ ಎರಡು ಲಕೋಟೆಯ ಪದ್ಧತಿಯುಂಟು: ಒಂದರಲ್ಲಿ ಯೋಗ್ಯತೆ, ಇನ್ನೊಂದರಲ್ಲಿ ದರ. ಖಾಸಗಿ ಅಂಗಡಿಗೆ ಆ ನಿಯಮದ ಕಟ್ಟಿಲ್ಲವಾದರೂ ಪದ್ಧತಿ ಒಳ್ಳೆಯದೇ. ನಮ್ಮ ಮಾಲೀಕರು ಯೋಗ್ಯತೆಗೆ 70, ದರಕ್ಕೆ 30 ಅಂಕ ಇಟ್ಟರೆನ್ನಿ. ಅತಿ ಕಡಿಮೆ ದರಕ್ಕೆ ಪೂರ್ತಿ 30. ಉಳಿದವರಿಗೆ ಆ ಕಡಿಮೆ ದರವನ್ನು ಅವರವರ ದರದಿಂದ ಭಾಗಿಸಿ ಅದೇ ಪ್ರಮಾಣದಲ್ಲಿ ಅಂಕ.

ಮೂವರು ಬಂದರು. ಯೋಗ್ಯತೆಯಲ್ಲಿ ನೂರಕ್ಕೆ ಅ 80, ಆ 72, ಇ 60 ಪಡೆದರು. ತಿಂಗಳ ಕೂಲಿ ಕ್ರಮವಾಗಿ 60,000, 45,000, 30,000. ಕೂಡಿಸಿದರೆ ಅ ಗೆ 56 ಮತ್ತು 15, ಒಟ್ಟು 71. ಆ ಗೆ 50.4 ಮತ್ತು 20, ಒಟ್ಟು 70.4, ಇ ಗೆ 42 ಮತ್ತು 30, ಒಟ್ಟು 72. ಎಲ್ಲರಿಗಿಂತ ಕಡಿಮೆ ಯೋಗ್ಯನಾದವನೇ ಗೆದ್ದನು!

ಇದನ್ನು ಕಂಡ ಮಾಲೀಕರು ‘65ಕ್ಕಿಂತ ಕಡಿಮೆಯವರು ಬೇಡ’ ಎಂದು ಇ ಯನ್ನು ಕೈಬಿಟ್ಟರೆ, ಮುಂದಿನವನಾದ ಅ ಗೆಲ್ಲುವನೆಂದು ನಾವು ಎಣಿಸುತ್ತೇವೆ. ಹಾಗಾಗುವುದಿಲ್ಲ. ಈಗ ಕಡಿಮೆ ದರ 45,000. ಅ ಗೆ ದರದ ಅಂಕ 22.5, ಒಟ್ಟು 78.5; ಆ ಗೆ ಪೂರ್ತಿ 30, ಒಟ್ಟು 80.4. ಅ, ಆ ಇಬ್ಬರೂ ತಮ್ಮ ಪ್ರಸ್ತಾವನೆಯಲ್ಲಿ ಒಂದಕ್ಷರವನ್ನೂ ಬದಲಿಸದಿದ್ದರೂ ಅವರ ಸ್ಥಾನ ಅದಲುಬದಲಾಯಿತು. ದರದ ಲಕೋಟೆ ಒಡೆದಮೇಲೆ ಕನಿಷ್ಠ ಅಂಕವನ್ನು ಗೊತ್ತುಮಾಡುವವನು, ತಿಳಿದೋ ತಿಳಿಯದೆಯೋ, ಗೆಲ್ಲುವವನನ್ನೇ ಗೊತ್ತುಮಾಡಿದಂತೆ. ಅದಕ್ಕಾಗಿಯೇ ಆ ಅಂಕವನ್ನು ಆಹ್ವಾನ ಪತ್ರದಲ್ಲಿಯೇ ಬರೆದಿಡಬೇಕು. ಅಷ್ಟು ಅಂಕ ಬಾರದವರ ಎರಡನೆಯ ಲಕೋಟೆಯನ್ನು ಒಡೆಯದೆಯೇ ಹಿಂದಿರುಗಿಸಬೇಕು.

ಒಂದು ಷರತ್ತಿಗೆ ಮಾತ್ರ ಅಂಕ ಇಡಬಾರದು, ಒಪ್ಪದವರನ್ನು ಹೊರಗಿಡಬೇಕು: ಜಾಹೀರಾತಿನ ಖಾತೆಗಳು ಅಂಗಡಿಯ ಹೆಸರಿನಲ್ಲಿಯೇ ಇರಬೇಕು, ಏಜೆನ್ಸಿಗೆ ಅದನ್ನು ನಡೆಸುವ ಅನುಮತಿಯಷ್ಟೇ. ಖಾತೆ ಏಜೆನ್ಸಿಯದಾದರೆ, ಕರಾರು ಮುಗಿದ ದಿನ ಯಾವ ಜಾಹೀರಾತಿನಿಂದ ಎಷ್ಟು ಗಿರಾಕಿಗಳು ಬಂದರೆಂಬ ವರ್ಷಗಳ ಲೆಕ್ಕವೂ ಅವರೊಡನೆಯೇ ಹೊರಟುಹೋಗುತ್ತದೆ. ಹೊಸಬರು ಮೊದಲಿನಿಂದ ಆರಂಭಿಸಬೇಕಾಗುತ್ತದೆ.