ಶುಕ್ರವಾರ ಸಂಜೆ ಎಂದರೆ ಯಾವ ಊರಿನ ಸಂಜೆ?

ಬೆಂಗಳೂರಿನ ಕಚೇರಿಯಿಂದ ಸ್ಯಾನ್ ಫ್ರಾನ್ಸಿಸ್ಕೋದ ಸಹೋದ್ಯೋಗಿಗೆ ಹೋಗುವ ಇಮೇಲ್‌ನಲ್ಲಿ ‘ಶುಕ್ರವಾರ ಸಂಜೆಯೊಳಗೆ ವರದಿ ಕಳುಹಿಸಿ’ ಎಂದಿದ್ದರೆ ಅದಕ್ಕೆ ಎರಡು ಅರ್ಥ. 2026ರ ಮಾರ್ಚ್ 6ರ ಶುಕ್ರವಾರವನ್ನೇ ತೆಗೆದುಕೊಳ್ಳಬಹುದು. ಬೆಂಗಳೂರಿನಲ್ಲಿ ಸಂಜೆ 6 ಆದಾಗ ಅಲ್ಲಿ ಅದೇ ಶುಕ್ರವಾರದ ನಸುಕಿನ 4.30. ಅಲ್ಲಿಯವರು ತಮ್ಮ ಸಂಜೆ 5ಕ್ಕೆ ವರದಿ ಕಳುಹಿಸಿದಾಗ ಇಲ್ಲಿ ಶನಿವಾರ ಬೆಳಿಗ್ಗೆ 6.30. ಕಳುಹಿಸಿದವರ ಲೆಕ್ಕದಲ್ಲಿ ತಪ್ಪಿಲ್ಲ, ಕಾದವರ ಲೆಕ್ಕದಲ್ಲಿ ಹನ್ನೆರಡೂವರೆ ಗಂಟೆ ತಡ.

ಗಡುವನ್ನು ಹೀಗೆ ಬರೆದರೆ ಗೊಂದಲಕ್ಕೆ ಎಡೆಯಿರುವುದಿಲ್ಲ: ‘ಶುಕ್ರವಾರ, 6 ಮಾರ್ಚ್ 2026, ಸಂಜೆ 5, ಸ್ಯಾನ್ ಫ್ರಾನ್ಸಿಸ್ಕೋ ಸಮಯ, ಬೆಂಗಳೂರಿನಲ್ಲಿ ಶನಿವಾರ, 7 ಮಾರ್ಚ್, ಬೆಳಿಗ್ಗೆ 6.30.’ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಬೇಕು, ಏಕೆಂದರೆ 03/06 ಎಂಬುದು ಅಮೆರಿಕದವರಿಗೆ ಮಾರ್ಚ್ 6, ನಮಗೆ ಜೂನ್ 3. ವಾರದ ಹೆಸರು ಕಾವಲಿನಂತೆ ಕೆಲಸ ಮಾಡುತ್ತದೆ: ದಿನಾಂಕ ತಪ್ಪಿದ್ದರೆ ವಾರ ಹೊಂದುವುದಿಲ್ಲ, ಓದಿದವರು ಕೂಡಲೇ ಕೇಳುತ್ತಾರೆ. ಸಮಯ ವಲಯದ ಸಂಕ್ಷೇಪಕ್ಕಿಂತ ಊರಿನ ಹೆಸರೇ ಲೇಸು. ಭಾರತೀಯ ಕಾಲಮಾನಕ್ಕೆ ಬಳಸುವ IST ಎಂಬ ಮೂರಕ್ಷರ ಐರ್ಲೆಂಡ್‌ನಲ್ಲೂ ಇಸ್ರೇಲ್‌ನಲ್ಲೂ ಬೇರೆ ಸಮಯವನ್ನು ಸೂಚಿಸುತ್ತದೆ. ‘ರಾತ್ರಿ 12’ ಎಂದು ಬರೆಯುವುದೂ ಬೇಡ. ಅದು ಆ ದಿನದ ಆರಂಭವೋ ಕೊನೆಯೋ ತಿಳಿಯುವುದಿಲ್ಲ, ‘ರಾತ್ರಿ 11.59’ ಎಂದರೆ ಆ ಅನುಮಾನ ಹುಟ್ಟುವುದೇ ಇಲ್ಲ.

ಅಂತರವನ್ನು ಒಮ್ಮೆ ಲೆಕ್ಕ ಹಾಕಿ ನೆನಪಿಟ್ಟುಕೊಂಡರೂ ಸಾಲದು. ಭಾರತದ ಗಡಿಯಾರ ವರ್ಷವಿಡೀ ಒಂದೇ ಲೆಕ್ಕದಲ್ಲಿ ನಡೆಯುತ್ತದೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋಗೂ ಬೆಂಗಳೂರಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರವಿದ್ದರೆ ಬೇಸಿಗೆಯಲ್ಲಿ ಹನ್ನೆರಡೂವರೆ. ಮಾರ್ಚ್ 2ರ ಸೋಮವಾರ ಅಲ್ಲಿ ಬೆಳಿಗ್ಗೆ 9ಕ್ಕೆ ಪತ್ರ ತಲುಪಬೇಕಾದರೆ ಇಲ್ಲಿಂದ ರಾತ್ರಿ 10.30ಕ್ಕೆ ಹೊರಡಬೇಕು. ಮರುವಾರ, ಮಾರ್ಚ್ 9ರಂದು, ಅದೇ ಕೆಲಸಕ್ಕೆ 9.30 ಸಾಕು, ಹಳೆಯ ಲೆಕ್ಕವನ್ನೇ ಹಿಡಿದರೆ ಪತ್ರ ಅಲ್ಲಿಗೆ 10 ಗಂಟೆಗೆ ಹೋಗುತ್ತದೆ. ತಂಡದಲ್ಲಿ ಲಂಡನ್‌ನವರೂ ಇದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಗಡಿಯಾರ ಬದಲಾಗುವುದು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರಗಳಲ್ಲಿ ಲಂಡನ್‌ಗೂ ಅಮೆರಿಕಕ್ಕೂ ನಡುವಿನ ಅಂತರವೇ ಒಂದು ಗಂಟೆ ಕಡಿಮೆಯಿರುತ್ತದೆ.

ಜಿಮೇಲ್‌ನಲ್ಲಿ ಪತ್ರದ ರವಾನೆಯನ್ನು ಮುಂದಿನ ಹೊತ್ತಿಗೆ ನಿಗದಿಪಡಿಸುವಾಗ ತೋರುವುದು ನಿಗದಿಪಡಿಸುವವರ ಊರಿನ ಸಮಯ, ಓದುವವರದಲ್ಲ. ಹೀಗಾಗಿ ಅಲ್ಲಿಯ ಬೆಳಿಗ್ಗೆ 9 ಎಂಬುದನ್ನು ಇಲ್ಲಿಯ ಸಮಯಕ್ಕೆ ಪರಿವರ್ತಿಸಿಯೇ ತುಂಬಬೇಕು. ಇಂಥ ಪತ್ರದೊಳಗೆ ‘ಇಂದು’, ‘ನಾಳೆ’ ಎಂಬ ಮಾತುಗಳು ಇರಲೇಬಾರದು. ಭಾನುವಾರ ಬರೆದ ‘ನಾಳೆ’ ಸೋಮವಾರ ತಲುಪಿದಾಗ ಮಂಗಳವಾರವಾಗಿಬಿಡುತ್ತದೆ.